ಹಳೆಯ ಹತ್ತಿ ಸೀರೆ: ಎಳೆ ಸೋಲುವುದೇಕೆ, ಕೌದಿಗೆ ಯಾವ ಭಾಗ, ಮೆತ್ತನೆ ಬಟ್ಟೆಗೆ ಯಾವ ಭಾಗ – ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಗಟ್ಟಲೆ ಬೀರುವಿನಲ್ಲೇ ಇದ್ದ ಸೀರೆ, ತೆಗೆದು ಉಟ್ಟ ದಿನವೇ ಚರ್ರನೆ ಹರಿಯಿತು. ಉಡದ ಸೀರೆ ಹೇಗೆ ಹಳತಾಗುತ್ತದೆ?

ಉಟ್ಟರೆ ಸವೆಯುತ್ತದೆ, ಇಟ್ಟರೆ ಒಳಗೊಳಗೇ ಕೆಡುತ್ತದೆ. ಎರಡೂ ಬೇರೆ ಬೇರೆ ಕೆಲಸ.

ಹತ್ತಿಯ ಒಂದು ನಾರಿನ ಉದ್ದ ಎರಡೂವರೆ, ಮೂರು ಸೆಂಟಿಮೀಟರ್ ಅಷ್ಟೆ. ಅಂಥ ಸಾವಿರಾರು ನಾರು ಒಂದನ್ನೊಂದು ತಬ್ಬುವಂತೆ ಹುರಿ ಹಾಕಿದರೆ ನೂಲು. ಪ್ರತಿ ನಾರಿನೊಳಗೂ ಸೆಲ್ಯುಲೋಸ್ ಎಂಬ ಉದ್ದುದ್ದ ಸರಪಳಿಗಳಿವೆ. ನಾರಿನ ಗಟ್ಟಿತನವೆಲ್ಲ ಆ ಸರಪಳಿಯ ಉದ್ದದಲ್ಲಿದೆ. ಬಿಸಿಲು, ಸರಿಯಾಗಿ ಜಾಲಿಸದೆ ಉಳಿದ ಬೆವರಿನ ಕೊಳೆ, ಬ್ಲೀಚಿಂಗ್ ಪುಡಿ, ಬೂಷ್ಟು, ತುಕ್ಕು ಇವೆಲ್ಲ ಸರಪಳಿಯನ್ನು ತುಂಡು ತುಂಡು ಮಾಡುತ್ತವೆ. ತುಂಡಾದದ್ದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ, ನೇಯ್ಗೆ, ಅಂಚು ಎಲ್ಲ ಹಾಗೇ ಇರುತ್ತದೆ. ಎಳೆದಾಗ ಮಾತ್ರ ಗೊತ್ತಾಗುತ್ತದೆ.

ಬೀರುವಿನಲ್ಲಿಟ್ಟ ಸೀರೆಗೆ ಇನ್ನೂ ಎರಡು ಕಾಟ. ಗಂಜಿ ಹಾಕಿ ಇಸ್ತ್ರಿ ಮಾಡಿ ಮಡಿಚಿಟ್ಟರೆ ಮಡಿಕೆಯ ಗೆರೆಯಲ್ಲಿ ನಾರು ಬಾಗಿದ ಹಾಗೇ ಬಿರುಸಾಗಿ ನಿಲ್ಲುತ್ತದೆ. ಬಿಚ್ಚಿದಾಗ ಆ ಗೆರೆಯುದ್ದಕ್ಕೂ ಸೀಳುತ್ತದೆ. ಗಂಜಿಯ ವಾಸನೆಗೆ ಜಿರಳೆ, ಬೆಳ್ಳಿಹುಳು ಬರುತ್ತವೆ. ಅವಕ್ಕೆ ಬೇಕಾದದ್ದು ಗಂಜಿ, ಜೊತೆಗೆ ಬಟ್ಟೆಯೂ ಹೋಗುತ್ತದೆ. ಬಹುಕಾಲ ಇಡುವ ಸೀರೆಯನ್ನು ಗಂಜಿ ಪೂರ್ತಿ ಹೋಗುವಂತೆ ಒಗೆದು, ಚೆನ್ನಾಗಿ ಒಣಗಿಸಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಬೇಕು.

ಸೀರೆ ಹಳತಾದಷ್ಟೂ ಮೆತ್ತಗಾಗುತ್ತದಲ್ಲ, ಅದು ಒಳ್ಳೆಯ ಗುಣವೋ ಕೆಟ್ಟ ಗುಣವೋ?

ಎರಡೂ ಒಂದೇ. ಹೊಸ ಸೀರೆಯ ಬಿರುಸಿನಲ್ಲಿ ಅರ್ಧ ಗಂಜಿಯದು, ಅದು ಮೊದಲ ಕೆಲವು ಒಗೆತಕ್ಕೇ ಹೋಗುತ್ತದೆ. ಆಮೇಲೆ ಬರುವ ಮೆತ್ತನೆ ಸವೆತದ್ದು. ಹುರಿ ಸಡಿಲವಾಗಿ ನಾರಿನ ತುದಿಗಳು ಹೊರಗೆ ಬಂದು ನವಿರಾದ ಜುಂಗಾಗುತ್ತವೆ, ನೂಲು ತೆಳ್ಳಗಾಗಿ ಸುಲಭವಾಗಿ ಬಾಗುತ್ತದೆ. ಕೂಸಿಗೆ ಹಿತ ಅನಿಸುವುದು ಇದೇ ಸವೆದ ನೂಲು. ಹಾಗಾಗಿ ಹಳೆಯ ಸೀರೆಯನ್ನು ಎಳೆತ ಬೀಳದ ಕೆಲಸಕ್ಕೆ ಹಾಕಬೇಕು. ಎಳೆತ ಬೀಳುವ ಕಡೆ ನಾಲ್ಕು ಪದರ ಸೇರಿಸಿ ಭಾರ ಹಂಚಬೇಕು. ಮುಂದಿನ ಉತ್ತರಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಸೀರೆಯಲ್ಲಿ ಮೊದಲು ಸೋಲುವ ಜಾಗ ಯಾವುದು?

ಸೀರೆ ಎಲ್ಲ ಕಡೆ ಒಂದೇ ಸಮ ಹಳತಾಗುವುದಿಲ್ಲ. ಇದನ್ನು ಮರೆತು ಅಳತೆ ಹಿಡಿದು ಕತ್ತರಿಸಿದರೆ ಕೌದಿ ಒಂದು ಮೂಲೆಯಲ್ಲಿ ಗಟ್ಟಿ, ಇನ್ನೊಂದು ಮೂಲೆಯಲ್ಲಿ ಜಾಳು.

ಸೊಂಟಕ್ಕೆ ಸಿಕ್ಕಿಸುವ ಮೇಲಂಚು ದಿನವೂ ಬೆವರಿನಲ್ಲಿ ನೆನೆದು ಲಂಗದ ಲಾಡಿಗೆ ಉಜ್ಜಿ ಮೊದಲು ಸೋಲುತ್ತದೆ. ಪಾದಕ್ಕೆ ತಾಗುವ ಕೆಳಅಂಚು ನೆಲಕ್ಕೆ ಉಜ್ಜಿ ಸವೆಯುತ್ತದೆ. ಫಾಲ್ ಹಾಕಿದ್ದರೆ ಸವೆತ ಫಾಲಿನ ಮೇಲ್ಗಡೆಯ ಹೊಲಿಗೆಯ ಗೆರೆಗೆ ಜರುಗುತ್ತದೆ, ಏಕೆಂದರೆ ಫಾಲ್ ಗಟ್ಟಿ, ಸೀರೆ ಮೆತ್ತಗೆ. ಹೆಗಲ ಮೇಲೆ ಪಿನ್ನು ಚುಚ್ಚುವ ಅಂಗೈಯಗಲದ ಜಾಗ ತೂತು ತೂತಾಗಿರುತ್ತದೆ. ಕೂತೆದ್ದು ಮಾಡುವಾಗ ಜಗ್ಗುವ ಹಿಂಭಾಗ ತೆಳ್ಳಗಾಗಿರುತ್ತದೆ. ಒಳಸುತ್ತಿನ ನಡುಪಟ್ಟಿ, ಅಂದರೆ ಮೇಲಂಚು ಕೆಳಅಂಚು ಎರಡರಿಂದಲೂ ಒಂದು ಗೇಣು ಒಳಗಿನ ಜಾಗ, ಬಿಸಿಲು ಕಾಣದೆ ಉಜ್ಜದೆ ಬಹುಮಟ್ಟಿಗೆ ಉಳಿದಿರುತ್ತದೆ. ನೆರಿಗೆಯ ಒಳಮಡಿಕೆಯೂ ಹಾಗೇ.

ಇಳಕಲ್ ಸೀರೆಯಾದರೆ ಒಂದು ಮಾತು ಹೆಚ್ಚು. ಒಡಲು ಹತ್ತಿಯದು, ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಸೀರೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಎರಡೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ, ಒಂದೇ ರೀತಿ ಒಗೆಸಿಕೊಳ್ಳುವುದೂ ಇಲ್ಲ. ಕೌದಿಗೆ ಹಾಕುವಾಗ ಸೆರಗನ್ನು ಕೊಂಡಿಯ ಗೆರೆಯಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ ತೆಗೆಯಿರಿ.

ಎಷ್ಟು ಬಲ ಉಳಿದಿದೆ ಎಂದು ಮನೆಯಲ್ಲೇ ನೋಡುವುದು ಹೇಗೆ?

ಮೊದಲು ಬೆಳಕಿಗೆ ಹಿಡಿಯಿರಿ. ತೆಳ್ಳಗಾದ ಜಾಗದಲ್ಲಿ ಬೆಳಕು ಮೋಡದ ಹಾಗೆ ಹರಡಿ ಕಾಣುತ್ತದೆ. ಆದರೆ ಬರೀ ಕಣ್ಣು ಸಾಲದು, ಬಿಸಿಲಿನಲ್ಲಿ ಕೆಟ್ಟ ಬಟ್ಟೆ ದಟ್ಟವಾಗಿಯೇ ಕಾಣಬಹುದು.

ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಹೆಬ್ಬೆರಳುಗಳ ನಡುವೆ ಐದು ಸೆಂ.ಮೀ. ಬಿಡಿ. ಜಟಕಾಯಿಸದೆ ನಿಧಾನವಾಗಿ ಬಲ ಹೆಚ್ಚಿಸುತ್ತಾ ಎಳೆಯಿರಿ. ಒಮ್ಮೆ ಹಾಸಿನ ದಿಕ್ಕಿಗೆ, ಒಮ್ಮೆ ಹೊಕ್ಕಿನ ದಿಕ್ಕಿಗೆ. ಸೊಂಟ, ಹಿಂಭಾಗ, ನೆರಿಗೆ, ಹೆಗಲು, ಒಳಸುತ್ತು ಈ ಐದು ಕಡೆ ನೋಡಿದರೆ ಸಾಕು. ಸದ್ದಿಲ್ಲದೆ ತಡೆದರೆ ಅದು ಕೌದಿಯ ಹೊರಪದರಕ್ಕೆ. ಟಕ್ ಟಕ್ ಎಂದು ಒಂದೊಂದೇ ಎಳೆ ಕಡಿಯುವ ಸದ್ದು ಬಂದರೂ ಬಟ್ಟೆ ನಿಂತರೆ ಒಳಪದರಕ್ಕೆ. ಹೆಚ್ಚು ಬಲವಿಲ್ಲದೆ ಕಾಗದದ ಹಾಗೆ ಸೀಳಿದರೆ ಅದನ್ನು ಕೌದಿಗೆ ಹಾಕಬೇಡಿ.

ಹರಿದ ತುದಿಯನ್ನೂ ನೋಡಿ. ಬಲವಿರುವ ನೂಲು ಕಡಿದಾಗ ತುದಿಯಲ್ಲಿ ಉದ್ದುದ್ದ ನಾರು ಗಡ್ಡದ ಹಾಗೆ ಬಿಟ್ಟಿರುತ್ತದೆ, ಏಕೆಂದರೆ ನಾರುಗಳು ಒಂದರಿಂದೊಂದು ಜಾರಿ ಬಂದಿರುತ್ತವೆ. ಒಳಗೇ ಕೆಟ್ಟ ನೂಲು ಕತ್ತರಿಯಲ್ಲಿ ಕತ್ತರಿಸಿದಂತೆ ಮೊಂಡಾಗಿ ಕಡಿಯುತ್ತದೆ, ಬೆರಳಿಗೆ ಪುಡಿ ಹತ್ತುತ್ತದೆ. ಇಂಥ ಬಟ್ಟೆ ಇವತ್ತು ತಡೆದರೂ ಎರಡು ಒಗೆತಕ್ಕೆ ಸೋಲುತ್ತದೆ.

ಅಪ್ಪಟ ಹತ್ತಿಯೋ ಮಿಶ್ರವೋ ತಿಳಿಯುವುದು ಹೇಗೆ?

ಹಾಸಿನದೊಂದು, ಹೊಕ್ಕಿನದೊಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆಯೊಂದಿಗೆ ಬೇಗ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ, ಆರಿದ ಮೇಲೆ ಕಪ್ಪು ಗಟ್ಟಿ ಗುಂಡಾಗುತ್ತದೆ. ಒಲೆಯ ಹತ್ತಿರ ಬಳಸುವ ಮಸಿಬಟ್ಟೆಗೆ ಈ ಪರೀಕ್ಷೆ ಬಿಡಲೇಬೇಡಿ. ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟುತ್ತದೆ.

ರೇಯಾನ್ ಹತ್ತಿಯ ಹಾಗೇ ಉರಿಯುತ್ತದೆ. ಅದಕ್ಕೆ ನೀರಿನ ಪರೀಕ್ಷೆ ಇದೆ. ಎಳೆಯ ನಡುವೆ ಒಂದಿಂಚು ಒದ್ದೆ ಮಾಡಿ ಎಳೆಯಿರಿ. ಒಳ್ಳೆಯ ಹತ್ತಿಗೆ ಒದ್ದೆಯಾದಾಗ ಬಲ ಹೆಚ್ಚು, ಹಾಗಾಗಿ ಒಣ ಜಾಗದಲ್ಲಿ ಕಡಿಯುತ್ತದೆ. ರೇಯಾನ್ ಒದ್ದೆ ಜಾಗದಲ್ಲೇ ಕಡಿಯುತ್ತದೆ. ಆದರೆ ಸುಸ್ತಾದ ಹತ್ತಿಯೂ ಒದ್ದೆಯಲ್ಲೇ ಕಡಿಯಬಹುದು. ಎರಡರಲ್ಲಿ ಯಾವುದಾದರೂ ಸರಿ, ಕೌದಿಯ ಹೊರಪದರಕ್ಕೆ ಬೇಡ.

ಗಂಜಿ ಹಾಕಿದರೆ, ರಫು ಮಾಡಿಸಿದರೆ ಬಲ ಮರಳುತ್ತದೆಯೇ?

ಇಲ್ಲ. ಗಂಜಿ ಕೊಡುವುದು ಬಿರುಸು, ಬಲವಲ್ಲ. ಕಡಿದ ಸರಪಳಿಯನ್ನು ಕೂಡಿಸುವ ವಸ್ತು ಮನೆಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ರಫು ಸುತ್ತಲಿನ ಬಟ್ಟೆ ಗಟ್ಟಿಯಿದ್ದರೆ ಮಾತ್ರ ನಿಲ್ಲುತ್ತದೆ. ಇಡೀ ಬಟ್ಟೆ ಸೋತಿದ್ದರೆ ರಫಿನ ಅಂಚಿನಲ್ಲೇ ಹೊಸ ಸೀಳು ಬರುತ್ತದೆ.

ಒಬ್ಬರು ಹೊದೆಯುವ ಕೌದಿಗೆ ಎಷ್ಟು ಸೀರೆ ಬೇಕು? ಹೇಗೆ ಕತ್ತರಿಸಬೇಕು?

ಐದು ಅಡಿಗೆ ಆರೂವರೆ ಅಡಿ, ಅಂದರೆ ಸುಮಾರು 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದದ, ನಾಲ್ಕು ಪದರದ ಕೌದಿ ಎಂದುಕೊಳ್ಳೋಣ. ಐದೂವರೆ ಮೀಟರಿನ ಮೂರು ಸೀರೆ ಸಾಕು.

ಸೀರೆಯ ಅಗಲ ಸುಮಾರು 115 ಸೆಂ.ಮೀ. ಒಂದೊಂದು ಸೀರೆಯಿಂದ 210 ಸೆಂ.ಮೀ. ಉದ್ದದ ಎರಡು ತುಂಡು ತೆಗೆಯಿರಿ. ಒಟ್ಟು ಆರು ತುಂಡು ಬರುತ್ತದೆ, ಪ್ರತಿ ಸೀರೆಯಲ್ಲೂ ಸುಮಾರು 130 ಸೆಂ.ಮೀ. ಉಳಿಯುತ್ತದೆ. ಎಲ್ಲಿಂದ ತೆಗೆಯಬೇಕು ಎನ್ನುವುದನ್ನು ಎಳೆದು ನೋಡಿದ ಪರೀಕ್ಷೆ ಹೇಳುತ್ತದೆ. ಸೋತ 130 ಸೆಂ.ಮೀ. ಸೀರೆಯ ನಡುವೆಯೇ ಇದ್ದರೆ ನಡುವೆಯೇ ಬಿಡಿ, ತುದಿಯಿಂದಲೇ ಅಳೆಯಬೇಕೆಂದಿಲ್ಲ.

ನಾಲ್ಕು ತುಂಡು ನಾಲ್ಕು ಪದರಕ್ಕೆ. ಅಗಲ ಸಾಲದ್ದರಿಂದ ಉಳಿದ ಎರಡು ತುಂಡಿನ ತೀರಾ ಸವೆದ ಅಂಚು ತೆಗೆದುಹಾಕಿ, ಒಂದೊಂದರಿಂದ 40 ಸೆಂ.ಮೀ. ಅಗಲದ ಎರಡೆರಡು ಪಟ್ಟಿ ಸೀಳಿ, ಪ್ರತಿ ಪದರಕ್ಕೂ ಒಂದೊಂದು ಪಟ್ಟಿ ಕೂಡಿಸಿ. ಕೂಡಿಸಿದ ಹೊಲಿಗೆಗೆ ಎರಡು ಸೆಂ.ಮೀ. ಹೋಗಿ ಸುಮಾರು 153 ಉಳಿಯುತ್ತದೆ. ಒಂದು ಪದರದಲ್ಲಿ ಪಟ್ಟಿ ಎಡಕ್ಕಿದ್ದರೆ ಮುಂದಿನದರಲ್ಲಿ ಬಲಕ್ಕೆ ಬರಲಿ. ನಾಲ್ಕೂ ಹೊಲಿಗೆ ಒಂದರ ಮೇಲೊಂದು ಬಂದರೆ ಅಲ್ಲಿ ದಪ್ಪ ಏಣು ಎದ್ದು, ಅದರ ಪಕ್ಕದಲ್ಲೇ ಬಟ್ಟೆ ಸೀಳುತ್ತದೆ.

ಕೌದಿ ಸುಮಾರು ಒಂದು ಕೆ.ಜಿ. ತೂಗುತ್ತದೆ. ಹೆಚ್ಚು ಚಳಿಗೆ ಆರು ಪದರ ಮಾಡಬಹುದು. ಅದಕ್ಕಿಂತ ದಪ್ಪವಾದರೆ ಸೂಜಿ ಇಳಿಯುವುದಿಲ್ಲ, ಒಗೆಯುವವರ ಬೈಗುಳವೂ ತಪ್ಪುವುದಿಲ್ಲ.

ಪದರಗಳನ್ನು ಹೇಗೆ ಜೋಡಿಸಿ ಹೊಲಿಯಬೇಕು?

ಮೊದಲು ಎಲ್ಲ ಸೀರೆಯನ್ನೂ ಒಗೆದು, ಫಾಲ್ ಬಿಚ್ಚಿ, ಜರಿ ಇದ್ದರೆ ಕತ್ತರಿಸಿ ತೆಗೆಯಿರಿ. ಗಟ್ಟಿಯಿರುವ ಎರಡು ಪದರ ಕೆಳಗೂ ಮೇಲೂ, ಟಕ್ ಟಕ್ ಎಂದ ಎರಡು ನಡುವೆ. ನೆಲ ಒರೆಸಿ, ಕೆಳಪದರ ಹಾಸಿ, ನಾಲ್ಕು ಮೂಲೆಗೂ ಭಾರ ಇಡಿ. ಒಂದೊಂದು ಪದರ ಹಾಸಿದಾಗಲೂ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ ಗಾಳಿ ತೆಗೆಯಿರಿ. ಎಳೆದು ಬಿಗಿ ಮಾಡಬೇಡಿ. ಎಳೆದ ಪದರ ಆಮೇಲೆ ಕುಗ್ಗಿ ಮಿಕ್ಕವನ್ನು ಮುದುರಿಸುತ್ತದೆ.

ಆಮೇಲೆ ಉದ್ದುದ್ದ ಕಚ್ಚಾ ಟಾಕು. ನಡುವೆ ಒಂದು ಅಡ್ಡ, ಒಂದು ಉದ್ದ ಹಾಕಿ, ಅಲ್ಲಿಂದ ಗೇಣಿಗೊಂದರಂತೆ ಹೊರಕ್ಕೆ ಹೋಗಿ. ಈ ಕೆಲಸ ಬೇಸರದ್ದು. ಬಿಟ್ಟವರ ಕೌದಿಯ ನಡುವೆ ಉಬ್ಬು ಗ್ಯಾರಂಟಿ.

ಹೊಲಿಗೆ ಸಾದಾ ಓಡುಹೊಲಿಗೆ. ಟಾಕಿನ ಉದ್ದ ಆರರಿಂದ ಎಂಟು ಮಿ.ಮೀ., ಸಾಲಿಂದ ಸಾಲಿಗೆ ಎರಡೂವರೆ ಸೆಂ.ಮೀ. 150 ಸೆಂ.ಮೀ. ಅಗಲಕ್ಕೆ ಸುಮಾರು 60 ಸಾಲು, ದಿನಕ್ಕೆ ನಾಲ್ಕು ಸಾಲಾದರೆ ಹದಿನೈದು ದಿನದ ಕೆಲಸ. ನಡುಸಾಲಿನಿಂದ ಶುರು ಮಾಡಿ ಎಡಕ್ಕೊಂದು ಬಲಕ್ಕೊಂದು ಹೋಗಿ. ದಾರದ ಲೆಕ್ಕ: 60 ಸಾಲಿಗೆ 120 ಮೀ., ಏರಿಳಿತಕ್ಕೆ 15 ಮೀ., ಅಂಚಿನ ಎರಡು ಸುತ್ತಿಗೆ ಸುಮಾರು 16 ಮೀ. ಇನ್ನೂರು ಮೀಟರ್ ತಂದರೆ ಗಂಟಿಗೂ ತುದಿಗೂ ಸರಿಹೋಗುತ್ತದೆ.

ಸಾಲಿನ ಅಂತರ ಸುಮ್ಮನೆ ಅಂದಕ್ಕಲ್ಲ. ಒಳಪದರ ನಾಳೆ ಹರಿದರೂ ಎರಡೂವರೆ ಸೆಂ.ಮೀ.ಗೊಂದು ಹೊಲಿಗೆ ಅದನ್ನು ಅಲ್ಲೇ ಹಿಡಿದಿರುತ್ತದೆ. ಸಾಲು ಅಂಗೈಯಗಲ ದೂರವಾದರೆ ಹರಿದ ಚೂರು ಒಗೆದಾಗ ಒಂದೆಡೆ ಸೇರಿ ಮುದ್ದೆಯಾಗುತ್ತದೆ.

ತಲೆಯ ಕಡೆಯ ಅಂಚಿಗೆ ಒಂದು ಗೇಣು ಅಗಲದ ಪಟ್ಟಿಯನ್ನು ಎರಡೂ ಬದಿ ಮಡಿಚಿ ಬೇರೆಯಾಗಿ ಹೊಲಿಯಿರಿ. ಕೈಯಲ್ಲಿ ಹಿಡಿದು ಎಳೆಯುವುದು, ಎಣ್ಣೆ ಬೆವರು ಹತ್ತುವುದು ಅಲ್ಲೇ. ಅದು ಕೆಟ್ಟಾಗ ಪಟ್ಟಿ ಮಾತ್ರ ಬದಲಿಸಿದರೆ ಸಾಕು.

ಯಾವ ದಾರ? ಹೊಲಿಗೆ ಯಂತ್ರದಲ್ಲಿ ಹಾಕಬಹುದೇ?

ಹತ್ತಿಯ ದಾರ. ಪಾಲಿಯೆಸ್ಟರ್ ದಾರ ಬಲವಾಗಿದೆ ಎಂದು ಹಾಕಿದರೆ ಕೌದಿ ಜಗ್ಗಿದಾಗ ದಾರ ಕಡಿಯುವುದಿಲ್ಲ, ಬಟ್ಟೆ ಕಡಿಯುತ್ತದೆ. ದಾರ ಹೋದರೆ ಮತ್ತೆ ಹೊಲಿಯಬಹುದು. ಸೂಜಿಗೆ ಒಂದು ಸಲಕ್ಕೆ ಮೊಳಕ್ಕಿಂತ ಸ್ವಲ್ಪ ಹೆಚ್ಚು ದಾರ ಸಾಕು, ಉದ್ದವಾದರೆ ಉಜ್ಜಿ ಜುಂಗೇಳುತ್ತದೆ. ದೊಡ್ಡ ಗಂಟು ಸೋತ ಬಟ್ಟೆಯನ್ನು ತೂರಿ ಹೊರಬರುತ್ತದೆ. ಅದರ ಬದಲು ಮೂರು ಹಿಂದೊಲಿಗೆ ಹಾಕಿ, ತುದಿಯನ್ನು ಪದರದೊಳಗೆ ಬಿಡಿ.

ಯಂತ್ರದ ಸಣ್ಣ ಹೊಲಿಗೆ ಹಳೆಯ ಬಟ್ಟೆಗೆ ಅಂಚೆಚೀಟಿಯ ತೂತಿನ ಹಾಗೆ. ಹಾಕಲೇಬೇಕಿದ್ದರೆ ಹೊಲಿಗೆಯ ಉದ್ದ ನಾಲ್ಕು ಮಿ.ಮೀ.ಗೆ ಇಟ್ಟು, ಹೊಸ ತೆಳು ಸೂಜಿ ಹಾಕಿ, ಗಟ್ಟಿ ಪದರಗಳಿಗೆ ಮಾತ್ರ.

ಕೆಳಪದರಕ್ಕೆ ಹೊಸ ಬಟ್ಟೆ ಹಾಕಬಹುದೇ?

ಹಾಕಬಹುದು, ಮೊದಲು ಬಿಸಿನೀರಲ್ಲಿ ಎರಡು ಸಲ ಒಗೆದು ಒಣಗಿಸಿ. ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ ಆಗಿದೆ. ಹೊಸದು ಕೌದಿಯಾದ ಮೇಲೆ ಕುಗ್ಗಿದರೆ ಮೇಲ್ಪದರ ಸುಕ್ಕುಗಟ್ಟಿ ಪ್ರತಿ ಟಾಕಿನಲ್ಲೂ ಎಳೆತ ಬೀಳುತ್ತದೆ. ದಪ್ಪ ಬೆಡ್‌ಶೀಟ್ ಬೇಡ, ಸೀರೆಯಷ್ಟೇ ತೆಳುವಾದ ಮಲ್‌ ಬಟ್ಟೆ ಸರಿ.

ಸಿದ್ದಿಯರ ಕವಂದಿ ಇದೇ ತಾನೆ?

ಹತ್ತಿರದ ನೆಂಟ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ತೇಪೆಗಳನ್ನು ಮಡಿಚಿ ಕೂಡಿಸುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿದ ಮುಕ್ಕೋನದ ಹೂವು ಇಡುತ್ತಾರೆ, ಅದಿಲ್ಲದೆ ಕವಂದಿ ಮುಗಿದ ಲೆಕ್ಕವಿಲ್ಲ. ಸಣ್ಣ ಸಣ್ಣ ಗಟ್ಟಿ ಚೂರು ಮಾತ್ರ ಉಳಿದಿರುವವರಿಗೆ ಮೇಲೆ ಹೇಳಿದ ಇಡೀ ಪದರದ ಕ್ರಮಕ್ಕಿಂತ ಇದು ಅನುಕೂಲ.

ಕೂಸಿನ ಬಟ್ಟೆಗೆ ಹಳೆಯ ಸೀರೆ ಸಿದ್ಧಮಾಡುವುದು ಹೇಗೆ?

ಮೊದಲ ಪ್ರಶ್ನೆ ಆ ಸೀರೆಯ ಜೊತೆ ನ್ಯಾಫ್ತಲಿನ್ ನುಸಿಗುಳಿಗೆ ಇತ್ತೇ ಎನ್ನುವುದು. ಇದ್ದರೆ ನವಜಾತ ಕೂಸಿಗೆ ಆ ಸೀರೆ ಬೇಡ. ನ್ಯಾಫ್ತಲಿನ್ ಆವಿ ಬಟ್ಟೆಯಲ್ಲಿ ಉಳಿಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ಅದು ಕೆಂಪುರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ತೀವ್ರಗೊಳಿಸುತ್ತದೆ. ಕೊರತೆ ಇದೆಯೋ ಇಲ್ಲವೋ ಹುಟ್ಟಿದಾಗ ಮನೆಯವರಿಗೆ ಗೊತ್ತಿರುವುದಿಲ್ಲ. ಒಗೆದರೆ ವಾಸನೆ ಹೋಯಿತೆಂದು ನಂಬಬೇಡಿ, ಬೇರೆ ಸೀರೆ ಹುಡುಕಿ.

ಗುಳಿಗೆ ಕಾಣದ ಸೀರೆಯಾದರೆ ಬಣ್ಣ ನೋಡಿ. ಬಿಸಿನೀರಲ್ಲಿ ನೆನೆಸಿದ ಬಿಳಿ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಒತ್ತಿಡಿ, ಬಣ್ಣ ಹತ್ತಬಾರದು. ಸಾದಾ ಸೋಪಿನಲ್ಲಿ ಒಗೆದು, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಜಾಲಿಸಿ. ಮೆತ್ತಗೆ ಮಾಡುವ ದ್ರವ ಬೇಡ, ಅದು ನೂಲಿಗೆ ಜಿಡ್ಡು ಸವರಿ ನೀರು ಹೀರುವುದನ್ನು ಕಡಿಮೆ ಮಾಡುತ್ತದೆ. ಒಳಸುತ್ತಿನ ಭಾಗದಿಂದ 60 ಸೆಂ.ಮೀ. ಚೌಕ ಕತ್ತರಿಸಿ, ಅಂಚನ್ನು ಎರಡು ಸಲ ಮಡಿಚಿ ಹೊಲಿಯಿರಿ. ಹೊಲಿಯದೆ ಬಿಟ್ಟ ಅಂಚಿನ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಓಡಾಟ ನಿಲ್ಲುತ್ತದೆ. ಕಾರಣವಿಲ್ಲದೆ ಅಳುವ ಕೂಸಿನ ಬೆರಳು ನೋಡಬೇಕಾದದ್ದು ಇದಕ್ಕೇ. ಒಂದು ವರ್ಷದೊಳಗಿನ ಕೂಸಿಗೆ ಮಲಗಿಸುವಾಗ ಕೌದಿ ಹೊದಿಸಬೇಡಿ, ಮುಖದ ಮೇಲೆ ಬರಬಹುದು.

ಸೀರೆಯ ಜೋಲಿ ಕಟ್ಟಬಹುದೇ?

ಹಳೆಯ ಸೀರೆಯಲ್ಲಿ ಬೇಡವೇ ಬೇಡ. ಇಡೀ ಭಾರ ಮೇಲಿನ ಗಂಟಿನ ಹತ್ತಿರದ ಒಂದು ಗೇಣು ಬಟ್ಟೆಯ ಮೇಲೆ, ಅದೂ ತೂಗಿದಾಗಲೆಲ್ಲ ಅದೇ ಜಾಗ ಉಜ್ಜುತ್ತದೆ. ಮೆತ್ತಗಿದೆ ಎಂದು ಆರಿಸುವ ಸೀರೆಯೇ ಎಲ್ಲಕ್ಕಿಂತ ಸೋತದ್ದು. ನಿನ್ನೆ ತಡೆದದ್ದು ಇವತ್ತು ತಡೆಯುತ್ತದೆಂಬ ಭರವಸೆಯಿಲ್ಲ.

ಅಡುಗೆಮನೆಗೆ ಯಾವ ಭಾಗ?

ಮೊಸರು ಕಟ್ಟಲು, ಸೋಸಲು, ಇಡ್ಲಿ ತಟ್ಟೆಗೆ ಹಾಸಲು ಬಿಳಿ ಅಥವಾ ಬಣ್ಣ ಬಿಡದ ತಿಳಿ ಭಾಗ. ಜುಂಗು ಬಿಡುವಷ್ಟು ಸೋತಿದ್ದರೆ ಬೇಡ, ಎಳೆ ತಿಂಡಿಯಲ್ಲಿ ಸಿಗುತ್ತದೆ. ಮಸಿಬಟ್ಟೆಗೆ ನಾಲ್ಕು ಪದರ ಮಡಿಚಿ ಹೊಲಿದದ್ದು. ಒದ್ದೆ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬೇಡಿ, ನೀರು ಬಿಸಿಯನ್ನು ಥಟ್ಟನೆ ಕೈಗೆ ದಾಟಿಸುತ್ತದೆ.

ಕೌದಿ ಒಗೆಯುವುದು ಹೇಗೆ? ಒಗೆದಾಗಲೇ ಹರಿಯಿತು.

ಹರಿಯುವುದು ಒಗೆದಾಗಲ್ಲ, ಎತ್ತಿದಾಗ. ಒಂದು ಕೆ.ಜಿ. ಕೌದಿ ನೀರು ಕುಡಿದರೆ ಎರಡು ಮೂರು ಪಟ್ಟು ಭಾರ, ಅದನ್ನು ಒಂದು ಮೂಲೆ ಹಿಡಿದು ಬಕೆಟ್ಟಿನಿಂದ ಎಳೆದರೆ ಆ ಮೂಲೆ ಕೈಗೆ ಬರುತ್ತದೆ. ಅಗಲ ಟಬ್ಬಿನಲ್ಲಿ ಸೋಪುನೀರಿಗೆ ಹಾಕಿ ಇಪ್ಪತ್ತು ನಿಮಿಷ ನೆನೆಸಿ, ಕಾಲಿನಿಂದ ಮೆಲ್ಲಗೆ ತುಳಿದು, ನೀರು ಚೆಲ್ಲಿ ಎರಡು ಮೂರು ಸಲ ಜಾಲಿಸಿ. ಕಲ್ಲಿಗೆ ಬಡಿಯುವುದು, ಹಿಂಡುವುದು ಎರಡೂ ಬೇಡ. ಟಬ್ಬನ್ನೇ ವಾಲಿಸಿ ನೀರು ಬಸಿಯಲು ಬಿಟ್ಟು, ಎರಡೂ ಕೈಯನ್ನು ಅಡಿಗೆ ಕೊಟ್ಟು ಎತ್ತಿ. ಒಂದೇ ತಂತಿಗೆ ನೇತುಹಾಕದೆ ಎರಡು ತಂತಿಯ ಮೇಲೆ ಅಥವಾ ಹೊರಸಿನ ಮೇಲೆ ಹರಡಿ. ತಂತಿ ತುಕ್ಕು ಹಿಡಿದಿರಬಾರದು. ತುಕ್ಕಿನ ಕಲೆ ಬಿದ್ದ ಜಾಗ ಕೆಲವು ವರ್ಷದಲ್ಲಿ ತೂತಾಗುತ್ತದೆ, ಕಬ್ಬಿಣ ಹತ್ತಿಯ ಕೊಳೆತವನ್ನು ಚುರುಕುಗೊಳಿಸುತ್ತದೆ. ತೇವ ಆರುವವರೆಗೆ ಗಾಳಿಯ ನೆರಳು, ಕೊನೆಗೊಂದು ಗಂಟೆ ಬಿಸಿಲು ಸಾಕು.

ಕೈಯಲ್ಲಿ ಹಿಡಿದರೆ ಪುಡಿಯಾಗುವ ಬಟ್ಟೆ ಯಾವುದಕ್ಕೆ?

ಅಪ್ಪಟ ಹತ್ತಿಯಾದರೆ ಬೆರಳಗಲ ಸೀಳಿ ಹೊಸೆದು ದೀಪದ ಬತ್ತಿ ಮಾಡಿ. ಬತ್ತಿಗೆ ಎಣ್ಣೆ ಏರಿಸುವ ಗುಣ ಬೇಕು, ಎಳೆತದ ಬಲ ಬೇಡ. ಗಾಢ ಬಣ್ಣದ ಬಟ್ಟೆ, ಜರಿ, ಪಾಲಿಯೆಸ್ಟರ್ ಎಳೆ ಇದಕ್ಕೆ ಬೇಡ, ಹೊಗೆಯಾಡುತ್ತದೆ. ಉಳಿದದ್ದರಲ್ಲಿ ಕಿಟಕಿ ಗಾಜು, ಸೈಕಲ್ ಚೈನು ಒರೆಸಿ. ಎಣ್ಣೆ ಕುಡಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ, ಮರಕ್ಕೆ ಬಳಿಯುವ ವಾರ್ನಿಶ್ ಒರೆಸಿದ್ದಾದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ ಆಮೇಲೆ ಕಸಕ್ಕೆ ಹಾಕಿ.